ಹೆಪ್ಪು ಹಾಕಿದ ಕರೆಂಟು

ಜುಲೈ ತಿಂಗಳಲ್ಲಿ ಮಲೆನಾಡಿನ ಲೈನಿನ ಮೇಲೆ ಒಂದು ಮರ ಬಿತ್ತೆಂದರೆ ಕರೆಂಟು ಮತ್ತೆ ಬರುವುದು ನಾಳೆಯೋ ನಾಡಿದ್ದೋ ಹೇಳುವವರಿಲ್ಲ. ಅದೇ ಹೊತ್ತಿಗೆ ಮನೆ ಹಿಂದಿನ ಹಳ್ಳ ಹಗಲು ರಾತ್ರಿ ಎನ್ನದೆ ಭೋರ್ಗರೆಯುತ್ತಿರುತ್ತದೆ. ಕೊಟ್ಟಿಗೆಯ ಮೂಲೆಯಲ್ಲಿ, ಪಂಪು ಹಾಳಾಗಿ ಮೋಟಾರು ಮಾತ್ರ ಉಳಿದ 3 ಎಚ್‌ಪಿ ಸೆಟ್ಟೊಂದು ಗೋಣಿ ಹೊದ್ದು ಕೂತಿರುತ್ತದೆ. ಹಳ್ಳದ ನೀರಿನಿಂದ ಈ ಮೋಟಾರನ್ನು ತಿರುಗಿಸಿದರೆ ಕರೆಂಟು ಬರುವುದಿಲ್ಲವೇ ಎಂಬ ಯೋಚನೆ ತೋಟದ ಮನೆಯಲ್ಲಿ ಒಂದು ಮಳೆಗಾಲ ಕಳೆದವರಿಗೆಲ್ಲ ಬಂದೇ ಬರುತ್ತದೆ.

ಬರುತ್ತದೆ. ಆದರೆ ಬರಿದೇ ತಿರುಗಿಸಿದರೆ ಬರುವುದಿಲ್ಲ, ಬಂದ ಮೇಲೆ ಹಿಡಿತ ತಪ್ಪಿದರೆ ಮನೆಯ ಬಲ್ಬಿನಿಂದ ಹಿಡಿದು ಮೋಟಾರಿನ ವೈಂಡಿಂಗ್‌ವರೆಗೆ ಸುಟ್ಟುಹಾಕುತ್ತದೆ.

ಸೈಕಲ್ಲಿನ ಡೈನಮೊ ತಿರುಗಿದ ಕೂಡಲೇ ದೀಪ ಹತ್ತುವುದು ಅದರೊಳಗೆ ಕಾಯಂ ಅಯಸ್ಕಾಂತ ಇರುವುದರಿಂದ. ನಮ್ಮ ಪಂಪಿನ ಇಂಡಕ್ಷನ್ ಮೋಟಾರಿನಲ್ಲಿ ಅಂಥದ್ದೇನೂ ಇಲ್ಲ. ತಿರುಗುವ ಭಾಗ, ಅಂದರೆ ರೋಟರ್, ಕಬ್ಬಿಣದ ತಗಡುಗಳ ಒಂದು ಉರುಳೆ. ಅದರ ಸಂದುಗಳಲ್ಲಿ ಅಲ್ಯೂಮಿನಿಯಂ ಎರಕ. ತಂತಿಯಿಲ್ಲ, ಬ್ರಶ್ ಇಲ್ಲ, ಸವೆಯುವುದಕ್ಕೆ ಬೇರಿಂಗ್ ಬಿಟ್ಟರೆ ಬೇರೇನೂ ಇಲ್ಲ. ಅದು ಅಗ್ಗವಾಗಿರುವುದೂ ಇಪ್ಪತ್ತು ವರ್ಷ ಬಾಳುವುದೂ ಇದೇ ಕಾರಣಕ್ಕೆ. ಈ ಬಡ ರೋಟರಿನ ಸುತ್ತ ಕಾಂತಕ್ಷೇತ್ರ ಎಬ್ಬಿಸುವುದು ಹೊರಗಿನ ವೈಂಡಿಂಗ್, ಆ ಕೆಲಸಕ್ಕೆ ಬೇಕಾದ ಕರೆಂಟನ್ನು ಅದು ಲೈನಿನಿಂದಲೇ ತೆಗೆದುಕೊಳ್ಳುತ್ತದೆ.

ಈ ಕಾಂತದ ಕರೆಂಟಿನ ಸ್ವಭಾವ ವಿಚಿತ್ರವಾದದ್ದು. ಅದು ಖರ್ಚಾಗುವುದಿಲ್ಲ. ಲೈನಿನಿಂದ ಕೈಗಡ ತಂದು ಕ್ಷೇತ್ರ ಕಟ್ಟುತ್ತದೆ, ಕ್ಷೇತ್ರ ಕುಸಿಯುವಾಗ ಅಷ್ಟನ್ನೂ ಹಿಂತಿರುಗಿಸುತ್ತದೆ, ಮರುಕ್ಷಣ ಮತ್ತೆ ತರುತ್ತದೆ. ಸೆಕೆಂಡಿಗೆ ನೂರು ಸಲ ಈ ಕೊಡುಕೊಳ್ಳುವಿಕೆ ನಡೆಯುತ್ತದೆ. ಮೀಟರಿನ ಯೂನಿಟ್ಟಿನಲ್ಲಿ ಇದು ಹೆಚ್ಚೂಕಡಿಮೆ ಕಾಣುವುದೇ ಇಲ್ಲ. ಆದರೆ ಕೈಗಡ ಕೊಡುವವರೇ ಇಲ್ಲವಾದರೆ ಮೋಟಾರು ಬರೀ ಕಬ್ಬಿಣದ ಗುಂಡು. ಹಳ್ಳದ ಪಕ್ಕ ಲೈನ್ ಇಲ್ಲ. ಹಾಗಾದರೆ ಕೊಡುವವರು ಯಾರು?

ಕೆಪಾಸಿಟರ್. ನಮ್ಮ ರೈತರ ಬಾಯಲ್ಲಿ ಕಂಡೆನ್ಸರ್. ಮೂರು ಫೇಸಿನ ಪಂಪನ್ನು ಎರಡೇ ಫೇಸು ಇರುವಾಗ ಓಡಿಸಲು ಸ್ಟಾರ್ಟರ್ ಪಕ್ಕದಲ್ಲಿ ಕಂಡೆನ್ಸರ್ ಪೆಟ್ಟಿಗೆ ಇಟ್ಟುಕೊಂಡವರಿಗೆ ಇದರ ಪರಿಚಯ ಚೆನ್ನಾಗಿಯೇ ಇದೆ. ವೈಂಡಿಂಗ್ ಯಾವ ಗಳಿಗೆಯಲ್ಲಿ ತೆಗೆದುಕೊಳ್ಳುತ್ತದೋ ಸರಿಯಾಗಿ ಅದೇ ಗಳಿಗೆಯಲ್ಲಿ ಕೆಪಾಸಿಟರ್ ಕೊಡುತ್ತದೆ, ವೈಂಡಿಂಗ್ ಹಿಂತಿರುಗಿಸುವಾಗ ಅದು ತುಂಬಿಕೊಳ್ಳುತ್ತದೆ. ಇಬ್ಬರೂ ನೆರೆಮನೆಯವರಂತೆ ತಮ್ಮೊಳಗೇ ಲೆಕ್ಕ ಚುಕ್ತಾ ಮಾಡಿಕೊಂಡರೆ ಲೈನಿನ ಹಂಗೇ ಇಲ್ಲ. ಹೀಗೆ ಕೆಪಾಸಿಟರಿನಿಂದ ಇಂಡಕ್ಷನ್ ಯಂತ್ರವನ್ನು ಜನರೇಟರ್ ಮಾಡಬಹುದೆಂದು ಬ್ಯಾಸೆಟ್ ಮತ್ತು ಪಾಟರ್ ಎಂಬಿಬ್ಬರು ಅಮೆರಿಕದ ಎಲೆಕ್ಟ್ರಿಕಲ್ ಎಂಜಿನಿಯರುಗಳ ಸಂಸ್ಥೆಯ ಪತ್ರಿಕೆಯಲ್ಲಿ 1935ರಲ್ಲೇ ಬರೆದಿದ್ದರು. ಹಳ್ಳಿಗಳ ಸಣ್ಣ ಜಲವಿದ್ಯುತ್ತಿಗೆ ಅದನ್ನು ಹದವಾಗಿ ಇಳಿಸಿದವರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಂನ ನೈಜೆಲ್ ಸ್ಮಿತ್ ಮುಖ್ಯರು. ಮೋಟಾರನ್ನೇ ಜನರೇಟರ್ ಮಾಡುವುದರ ಬಗ್ಗೆ ಅವರು 1994ರಲ್ಲಿ ತಂದ ಚಿಕ್ಕ ಪುಸ್ತಕ ಈ ಕೆಲಸ ಮಾಡುವವರ ಕೈಪಿಡಿ. ನೇಪಾಳದ ಗುಡ್ಡಗಳಲ್ಲಿ ಇಂಥ ಮೋಟಾರಿನ ಶಾಫ್ಟಿಗೇ ಪುಟ್ಟ ಪೆಲ್ಟನ್ ಚಕ್ರ ಸಿಕ್ಕಿಸಿದ ಯಂತ್ರಕ್ಕೆ ಪೆಲ್ಟ್ರಿಕ್ ಸೆಟ್ ಎಂದೇ ಹೆಸರು.

ಇನ್ನೊಂದು ಗಂಟು ಉಳಿಯಿತು. ಕೆಪಾಸಿಟರ್ ಕೊಡಬೇಕಾದರೆ ಅದರಲ್ಲಿ ಮೊದಲು ಏನಾದರೂ ಇರಬೇಕಲ್ಲ? ಹಾಲು ಎಷ್ಟೇ ಇರಲಿ, ಒಂದು ಚಮಚ ಹೆಪ್ಪು ಇಲ್ಲದೆ ಮೊಸರಾಗುವುದಿಲ್ಲ. ಇಲ್ಲಿನ ಹೆಪ್ಪು ಯಾವುದೆಂದರೆ, ಹಿಂದೆ ಮೋಟಾರಾಗಿ ಓಡಿದಾಗ ರೋಟರಿನ ಕಬ್ಬಿಣದಲ್ಲಿ ಉಳಿದುಕೊಂಡ ಚೂರು ಕಾಂತತ್ವ. ರೋಟರ್ ಪೂರ್ತಿ ವೇಗಕ್ಕೆ ಬಂದಾಗ ಅದರಿಂದ ವೈಂಡಿಂಗ್‌ನಲ್ಲಿ ಕೆಲವೇ ವೋಲ್ಟ್ ಹುಟ್ಟುತ್ತದೆ. ಆ ವೋಲ್ಟು ಕೆಪಾಸಿಟರಿಗೆ ಹೋಗಿ ಸ್ವಲ್ಪ ಕರೆಂಟಾಗಿ ಮರಳುತ್ತದೆ, ಕಾಂತತ್ವ ಇನ್ನಷ್ಟು ಹೆಚ್ಚುತ್ತದೆ, ಅದರಿಂದ ವೋಲ್ಟೇಜ್ ಇನ್ನಷ್ಟು. ಮೀಟರ್ ಹಿಡಿದು ನೋಡುತ್ತಿದ್ದರೆ ಮುಳ್ಳು ಸ್ವಲ್ಪ ಹೊತ್ತು ತೂಕಡಿಸುತ್ತದೆ, ಆಮೇಲೆ ಒಂದೇ ಉಸಿರಿಗೆ ಇನ್ನೂರು ದಾಟುತ್ತದೆ. ಎಷ್ಟು ಸಲ ನೋಡಿದರೂ ನನಗೆ ಆ ಗಳಿಗೆ ಬೇಸರ ಬಂದಿಲ್ಲ.

ಹೀಗೇ ಏರುತ್ತ ಹೋದರೆ ಎಲ್ಲಿ ನಿಲ್ಲುತ್ತದೆ? ಕಬ್ಬಿಣ ತಣಿದಾಗ. ಕಾಂತತ್ವ ಹಿಡಿದಿಟ್ಟುಕೊಳ್ಳಲು ಕಬ್ಬಿಣಕ್ಕೊಂದು ಮಿತಿಯಿದೆ. ಆ ಮಿತಿಯ ಹತ್ತಿರ ಬಂದಂತೆ ಪ್ರತಿ ವೋಲ್ಟಿಗೂ ಹೆಚ್ಚು ಹೆಚ್ಚು ಕರೆಂಟು ಕೇಳುತ್ತದೆ, ಕೆಪಾಸಿಟರಿಗೆ ಅಷ್ಟು ಕೊಡಲಾಗುವುದಿಲ್ಲ. ಅಲ್ಲಿ ವೋಲ್ಟೇಜ್ ನಿಲ್ಲುತ್ತದೆ. ಇದೊಂದು ವಿಷಯ ನೆನಪಿರಲಿ: ಈ ಜನರೇಟರಿನಲ್ಲಿ ವೋಲ್ಟೇಜನ್ನು ಹಿಡಿದು ನಿಲ್ಲಿಸುವ ಯಾವ ಭಾಗವೂ ಇಲ್ಲ. ತಿರುಗುವ ವೇಗ, ಕೆಪಾಸಿಟರಿನ ಅಳತೆ, ಮನೆಯಲ್ಲಿ ಉರಿಯುತ್ತಿರುವ ಲೋಡು ಈ ಮೂರೂ ಸೇರಿ ಅದನ್ನು ಕೂರಿಸುತ್ತವೆ. ಮೂರರಲ್ಲಿ ಒಂದು ಜಾರಿದರೂ ಅದು ಜಾಗ ಬಿಡುತ್ತದೆ.

ಲೆಕ್ಕಕ್ಕೆ ಒಂದು ತೋಟವನ್ನು ಊಹಿಸಿಕೊಳ್ಳೋಣ. ಕಟ್ಟದಿಂದ ಮನೆಯ ಹತ್ತಿರದ ಶೆಡ್ಡಿಗೆ 40 ಮೀಟರ್ ಇಳಿಜಾರು, ಪೈಪಿನಲ್ಲಿ ಸೆಕೆಂಡಿಗೆ 6 ಲೀಟರ್ ನೀರು. ಪೈಪಿನೊಳಗಿನ ತಿಕ್ಕಾಟದಲ್ಲಿ 6 ಮೀಟರಿನಷ್ಟು ಒತ್ತಡ ಹೋಯಿತೆಂದರೆ ಉಳಿದದ್ದು 34. ಆರನ್ನು ಮೂವತ್ತನಾಲ್ಕರಿಂದಲೂ 9.81ರಿಂದಲೂ ಗುಣಿಸಿದರೆ ಸುಮಾರು 2000 ವ್ಯಾಟ್. ಇದು ನೀರಿನ ಶಕ್ತಿ. ಊರಿನ ವರ್ಕ್‌ಶಾಪಿನಲ್ಲಿ ಮಾಡಿದ ಪೆಲ್ಟನ್ ಚಕ್ರ ಅದರಲ್ಲಿ ನೂರಕ್ಕೆ 65ರಷ್ಟನ್ನು ಹಿಡಿಯಬಹುದು, ಮೋಟಾರು ಅದರಲ್ಲಿ ನೂರಕ್ಕೆ 75ರಷ್ಟನ್ನು ಕರೆಂಟು ಮಾಡಬಹುದು. ಕೈಗೆ ಬರುವುದು ಒಂದು ಸಾವಿರ ವ್ಯಾಟಿಗೆ ತುಸು ಕಡಿಮೆ. ಒಂದು ಕಿಲೋವ್ಯಾಟ್ ಎಂದರೆ ಅಲಕ್ಷ್ಯ ಬೇಡ. ಹಳ್ಳ ನಿಲ್ಲದೆ ಹರಿಯುವುದರಿಂದ ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ಯೂನಿಟ್ ಆಯಿತು.

ಮೋಟಾರು 3 ಎಚ್‌ಪಿಯದ್ದು, ಅಂದರೆ 2.2 ಕಿಲೋವ್ಯಾಟ್, 4 ಪೋಲ್. ಪ್ಲೇಟಿನ ಮೇಲೆ 415 ವೋಲ್ಟ್, ಸ್ಟಾರ್, 4.7 ಆಂಪಿಯರ್, 1430 ಆರ್‌ಪಿಎಂ ಎಂದಿರುತ್ತದೆ ಎನ್ನೋಣ. ಒಂದು ಕಿಲೋವ್ಯಾಟಿಗೆ ಇಷ್ಟು ದೊಡ್ಡ ಮೋಟಾರು ಬೇಕೇ ಎಂದರೆ, ಬೇಕು. ಕಾಂತದ ಕರೆಂಟೂ ಲೋಡಿನ ಕರೆಂಟೂ ಒಂದೇ ತಂತಿಯಲ್ಲಿ ಹರಿಯಬೇಕಾದ್ದರಿಂದ ವೈಂಡಿಂಗ್‌ಗೆ ಸಡಿಲ ಇರಬೇಕು. ಮೋಟಾರಾಗಿದ್ದಾಗ ಅದು 1500 ಸುತ್ತಿಗಿಂತ 70 ಸುತ್ತು ಹಿಂದೆ ಬಿದ್ದು ಓಡುತ್ತಿತ್ತು. ಜನರೇಟರ್ ಆದಾಗ ಅಷ್ಟೇ ಮುಂದೆ ಓಡಬೇಕು. ಹಾಗಾಗಿ 50 ಹರ್ಟ್ಸ್ ಬೇಕಿದ್ದರೆ ಪೂರ್ತಿ ಲೋಡಿನಲ್ಲಿ ಸುಮಾರು 1570 ಸುತ್ತು. 34 ಮೀಟರ್ ಒತ್ತಡಕ್ಕೆ ಚಿಮ್ಮುವ ನೀರಿನ ವೇಗ ಸೆಕೆಂಡಿಗೆ 25 ಮೀಟರ್. ಪೆಲ್ಟನ್ ಬಟ್ಟಲುಗಳು ಅದರ ಅರ್ಧಕ್ಕಿಂತ ಸ್ವಲ್ಪ ನಿಧಾನವಾಗಿ ಓಡಿದರೆ ಚೆನ್ನಾಗಿ ಶಕ್ತಿ ಹೀರುತ್ತವೆ. ಲೆಕ್ಕ ಹಾಕಿದರೆ ಚಕ್ರದ ಅಡ್ಡಳತೆ 14 ಸೆಂಟಿಮೀಟರ್ ಬರುತ್ತದೆ, ಬೆಲ್ಟು ಪುಲ್ಲಿ ಇಲ್ಲದೆ ನೇರ ಶಾಫ್ಟಿಗೇ ಕೂರಿಸಬಹುದು. ನಾಜಲ್ ಎರಡಿದ್ದರೆ ಒಳ್ಳೆಯದು.

ಕೆಪಾಸಿಟರ್ ಎಷ್ಟು ಬೇಕು? ಇದಕ್ಕೆ ದೊಡ್ಡ ಗಣಿತ ಬೇಡ. ಮೂರು ಫೇಸಿನ ಕರೆಂಟಿರುವ ದಿನ ಮೋಟಾರನ್ನು ಏನೂ ಹೊರೆಯಿಲ್ಲದೆ ಓಡಿಸಿ ಕ್ಲಾಂಪ್ ಮೀಟರ್ ಹಿಡಿಯಿರಿ. ಇಂಥ ಮೋಟಾರು ಸುಮಾರು 2.3 ಆಂಪಿಯರ್ ತೋರಿಸುತ್ತದೆ. ಹೊರೆಯಿಲ್ಲದಾಗ ಎಳೆಯುವುದೆಲ್ಲ ಹೆಚ್ಚುಕಡಿಮೆ ಕಾಂತದ ಕೈಗಡವೇ. ಸ್ಟಾರಿನಲ್ಲಿ ಪ್ರತಿ ವೈಂಡಿಂಗ್ ಮೇಲೆ ಇರುವುದು 240 ವೋಲ್ಟ್. ಆದ್ದರಿಂದ 240 ವೋಲ್ಟಿನಲ್ಲಿ 2.3 ಆಂಪಿಯರ್ ಕೊಡಬಲ್ಲ ಕೆಪಾಸಿಟರನ್ನು ಪ್ರತಿ ವೈಂಡಿಂಗಿಗೂ ಕಟ್ಟಿದರೆ ಲೆಕ್ಕ ಸರಿಹೋಯಿತು. 50 ಹರ್ಟ್ಸಿನಲ್ಲಿ 10 ಮೈಕ್ರೊಫ್ಯಾರಡ್ ಮುಕ್ಕಾಲು ಆಂಪಿಯರ್ ಕೊಡುತ್ತದೆ. ಹಾಗಾದರೆ ವೈಂಡಿಂಗ್ ಒಂದಕ್ಕೆ 30, ಒಟ್ಟು 90. ಲೋಡು ಏರಿದಂತೆ ಕೈಗಡವೂ ಏರುವುದರಿಂದ ನೂರಕ್ಕೆ ಇಪ್ಪತ್ತರಷ್ಟು ಮೇಲೆ ಸೇರಿಸಬೇಕು. 108 ಆಯಿತು.

ಮನೆಗೆ ಬೇಕಿರುವುದು ಸಿಂಗಲ್ ಫೇಸ್, ಮೋಟಾರು ಮೂರು ಫೇಸಿನದು. ಇಲ್ಲೊಂದು ಚಂದದ ಉಪಾಯವಿದೆ. ಟರ್ಮಿನಲ್ ಪೆಟ್ಟಿಗೆಯ ಪಟ್ಟಿಗಳನ್ನು ಬದಲಿಸಿ ಸ್ಟಾರನ್ನು ಡೆಲ್ಟಾ ಮಾಡಬೇಕು. ಆಗ ಪ್ರತಿ ವೈಂಡಿಂಗ್ ಮೊದಲಿನಂತೆಯೇ 240 ವೋಲ್ಟಿನಲ್ಲಿರುತ್ತದೆ, ಆದರೆ ಹೊರಗೂ ಅಷ್ಟೇ ಸಿಗುತ್ತದೆ. (ಕೆಲವು ಮೋಟಾರುಗಳಲ್ಲಿ ಸ್ಟಾರಿನ ಗಂಟು ಒಳಗೇ ಇರುತ್ತದೆ. ವೈಂಡಿಂಗ್ ಮಾಡುವವರಿಂದ ಆರೂ ತುದಿಗಳನ್ನು ಹೊರಗೆ ತೆಗೆಸಿಕೊಳ್ಳಬೇಕು.) ಒಂದು ವೈಂಡಿಂಗ್‌ಗೆ ಒಂದು ಪಾಲು ಕೆಪಾಸಿಟರ್, ಇನ್ನೊಂದಕ್ಕೆ ಎರಡು ಪಾಲು, ಮೂರನೆಯದಕ್ಕೆ ಏನೂ ಇಲ್ಲ. ಮನೆಯ ಲೋಡನ್ನು ಒಂದು ಪಾಲಿನ ಕಡೆಗೆ ಕಟ್ಟಬೇಕು. ನಮ್ಮ ಲೆಕ್ಕದಲ್ಲಿ 36 ಮತ್ತು 72 ಮೈಕ್ರೊಫ್ಯಾರಡ್. ಪಂಪಿನ ಬಿಡಿಭಾಗದ ಅಂಗಡಿಯಲ್ಲಿ ಇವೆರಡೂ ಸಿಗುವ ಅಳತೆಗಳೇ. ಲೋಡು ಒಂದು ಕಿಲೋವ್ಯಾಟಿನ ಆಸುಪಾಸಿನಲ್ಲಿದ್ದಾಗ ಮೂರು ವೈಂಡಿಂಗುಗಳೂ ಸಮನಾಗಿ ಹೊರೆ ಹೊರುತ್ತವೆ, ಮೂರು ಫೇಸು ಸರಿಯಾಗಿ ತುಂಬಿದಂತೆಯೇ. ಆದರೆ ಇದು ಚಕ್ರ ತಿರುಗುವ ದಿಕ್ಕಿಗೆ ಬದ್ಧವಾಗಿದೆ. ಎರಡು ಪಾಲನ್ನು ತಪ್ಪು ವೈಂಡಿಂಗಿಗೆ ಕಟ್ಟಿದರೆ ದೀಪವೇನೋ ಹತ್ತುತ್ತದೆ, ಆದರೆ ಒಂದು ವೈಂಡಿಂಗ್ ಮಾತ್ರ ವಿಪರೀತ ಕಾಯುತ್ತದೆ. ಮೂರರಲ್ಲೂ ಕ್ಲಾಂಪ್ ಮೀಟರ್ ಹಿಡಿದು ನೋಡಿ, ಅಂಕಿಗಳು ದೂರದೂರ ಇದ್ದರೆ 72ನ್ನು ಮೂರನೆಯ ವೈಂಡಿಂಗಿಗೆ ಬದಲಿಸಿದರಾಯಿತು.

ಕೆಪಾಸಿಟರ್ ಕೊಳ್ಳುವಾಗ ಒಂದು ತಪ್ಪು ಪದೇ ಪದೇ ಆಗುತ್ತದೆ. ಮೋಟಾರ್ ಸ್ಟಾರ್ಟ್ ಆಗಲು ಒಂದೆರಡು ಸೆಕೆಂಡಿಗೆ ಬಳಸುವ ಕರಿ ಬಣ್ಣದ ಅಗ್ಗದ ಕೆಪಾಸಿಟರನ್ನು ಹಾಕಿಬಿಡುತ್ತಾರೆ. ಅದು ಹಗಲು ರಾತ್ರಿಯ ದುಡಿಮೆಗೆ ಹುಟ್ಟಿದ್ದಲ್ಲ, ಸ್ವಲ್ಪ ಹೊತ್ತಿಗೇ ಕಾದು ಸಿಡಿಯುತ್ತದೆ. ಬೇಕಿರುವುದು ‘ರನ್’ ಕೆಪಾಸಿಟರ್, ಮೇಲೆ 440 ವೋಲ್ಟ್ ಎಂದು ಬರೆದದ್ದು. 230 ವೋಲ್ಟಿನ ಕೆಲಸಕ್ಕೆ 440 ಯಾಕೆಂಬುದು ಮುಂದೆ ತಾನೇ ತಿಳಿಯುತ್ತದೆ.

ಎಲ್ಲ ಕಟ್ಟಿ ಆಯಿತು, ಮನೆ ಬೆಳಗಿತು. ರಾತ್ರಿ ಊಟ ಮುಗಿದು ಒಬ್ಬೊಬ್ಬರೇ ದೀಪ ಆರಿಸುತ್ತಾರೆ, ಟಿವಿ ನಿಲ್ಲಿಸುತ್ತಾರೆ. ಇಲ್ಲಿಂದ ಅಪಾಯ ಶುರು.

ನಾಜಲಿನಿಂದ ನೀರು ಅಷ್ಟೇ ರಭಸದಲ್ಲಿ ಬರುತ್ತಿದೆ. ಮನೆಯಲ್ಲಿ ಯಾರು ಏನು ಆರಿಸಿದರು ಎಂಬುದು ನೀರಿಗೆ ಗೊತ್ತಿಲ್ಲ. ಇಷ್ಟು ಹೊತ್ತು ಚಕ್ರವನ್ನು ಹಿಡಿದು ಎಳೆಯುತ್ತಿದ್ದದ್ದು ಲೋಡು. ಅದು ಬಿಟ್ಟ ಕೂಡಲೇ ಚಕ್ರ ವೇಗ ಹೆಚ್ಚಿಸಿಕೊಳ್ಳುತ್ತದೆ. ವೇಗ ಒಂದೂವರೆ ಪಟ್ಟಾಯಿತು ಎನ್ನಿ. ಫ್ರೀಕ್ವೆನ್ಸಿ 75 ಹರ್ಟ್ಸ್ ಆಯಿತು. ಅದೇ ಕಾಂತತ್ವ ವೇಗವಾಗಿ ಕೊಯ್ದರೆ ವೋಲ್ಟೇಜೂ ಒಂದೂವರೆ ಪಟ್ಟು, ಅಂದರೆ 345. ಅಷ್ಟಕ್ಕೂ ನಿಲ್ಲುವುದಿಲ್ಲ. ಕೆಪಾಸಿಟರ್ ಕೊಡುವ ಕರೆಂಟು ವೋಲ್ಟೇಜಿಗೂ ಫ್ರೀಕ್ವೆನ್ಸಿಗೂ ಎರಡಕ್ಕೂ ಏರುವಂಥದ್ದು. ಒಂದೂವರೆ ಸಲ ಒಂದೂವರೆ, ಎರಡೂಕಾಲು ಪಟ್ಟು. ಅಷ್ಟು ಕೈಗಡ ಸಿಕ್ಕಾಗ ತಣಿದ ಕಬ್ಬಿಣವೂ ಇನ್ನಷ್ಟು ನುಂಗುತ್ತದೆ, ವೋಲ್ಟೇಜ್ 345ನ್ನೂ ದಾಟುತ್ತದೆ. ಆರಿಸದೆ ಬಿಟ್ಟ ಒಂದೆರಡು ಬಲ್ಬು, ಚಾರ್ಜಿಗೆ ಹಾಕಿದ ಫೋನು ಮೊದಲು ಹೋಗುತ್ತವೆ. 440ರ ಕೆಪಾಸಿಟರ್ ಯಾಕೆಂದು ಈಗ ಗೊತ್ತಾಯಿತಲ್ಲ.

ವೈಂಡಿಂಗ್‌ನ ಸ್ಥಿತಿ ಇನ್ನೂ ಕೆಟ್ಟದು. ಮನೆಯಲ್ಲಿ ಒಂದು ದೀಪವೂ ಉರಿಯುತ್ತಿಲ್ಲ, ಆದರೂ ಕೆಪಾಸಿಟರಿಗೂ ವೈಂಡಿಂಗಿಗೂ ನಡುವೆ ಓಡಾಡುವ ಕರೆಂಟು ಪ್ಲೇಟಿನ 4.7 ಆಂಪಿಯರನ್ನು ಮೀರಿದೆ. ಕೈಗಡ ಖರ್ಚಾಗುವುದಿಲ್ಲ ಎಂದೆನಲ್ಲ, ಆದರೆ ಅದು ಓಡಾಡುವ ತಂತಿ ಬಿಸಿಯಾಗದೆ ಇರುವುದಿಲ್ಲ. ನೀರಿನ ಶಕ್ತಿಯೆಲ್ಲ ಈಗ ವೈಂಡಿಂಗ್ ಕಾಯಿಸುವುದಕ್ಕೆ ಖರ್ಚಾಗುತ್ತಿದೆ. ಒಂದರ್ಥದಲ್ಲಿ ಮೋಟಾರೇ ತನಗೆ ತಾನು ಹೀಟರ್ ಆಗಿ ಚಕ್ರಕ್ಕೆ ಬ್ರೇಕು ಹಾಕುತ್ತಿರುತ್ತದೆ. ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ವಾರ್ನಿಶ್ ಸುಟ್ಟ ವಾಸನೆ.

ಹಾಗಾದರೆ ವೇಗ ಏರಿದಾಗ ಕೆಪಾಸಿಟರನ್ನು ಕಿತ್ತುಬಿಟ್ಟರೆ? ಒಳ್ಳೆಯ ಉಪಾಯವೇ. 72ರ ಕೆಪಾಸಿಟರಿನಲ್ಲಿ ಸರಿಯಾದ ವೇಗದಲ್ಲಿ ಹರಿಯುವುದು ಸುಮಾರು 5.2 ಆಂಪಿಯರ್. ಅದನ್ನು 6 ಆಂಪಿಯರಿನ ಎಂಸಿಬಿ ಮೂಲಕ ಕಟ್ಟಿದರೆ, ಒಂದೂವರೆ ಪಟ್ಟು ವೇಗದಲ್ಲಿ ಕರೆಂಟು 11 ದಾಟಿ ಎಂಸಿಬಿ ಬೀಳುತ್ತದೆ. ಕೈಗಡ ನಿಂತಿತು, ವೋಲ್ಟೇಜ್ ಕುಸಿಯಿತು, ವೈಂಡಿಂಗ್ ಉಳಿಯಿತು. ಆದರೆ ಇಷ್ಟು ಹೆಚ್ಚಳಕ್ಕೆ ಎಂಸಿಬಿ ತಕ್ಷಣ ಬೀಳುವುದಿಲ್ಲ, ಕಾದು ಬೀಳಲು ಸ್ವಲ್ಪ ಸಮಯ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಬಲ್ಬುಗಳು ಹೋಗಿರುತ್ತವೆ. ಮನೆಯ ಲೈನಿಗೆ ಬೇರೆಯೇ ಓವರ್ ವೋಲ್ಟೇಜ್ ರಿಲೇ ಬೇಕು.

ಎಂಸಿಬಿ ಬಿದ್ದ ಮೇಲೆ ಚಕ್ರಕ್ಕೆ ಯಾವ ಹಿಡಿತವೂ ಇಲ್ಲ. ಅದು ಎಲ್ಲಿಯವರೆಗೆ ಓಡುತ್ತದೆ? ಬಟ್ಟಲುಗಳು ನೀರಿನ ಧಾರೆಯ ವೇಗದ ಹತ್ತಿರ ಬಂದಂತೆ ಧಾರೆಗೆ ತಳ್ಳಲು ಏನೂ ಉಳಿಯುವುದಿಲ್ಲ. ಓಡುವ ಬಸ್ಸಿನ ಹಿಂದೆ ಅದೇ ವೇಗದಲ್ಲಿ ಓಡುವವನು ಬಸ್ಸನ್ನು ತಳ್ಳಲಾರ. ಗಾಳಿಯ ತಡೆಯೂ ಸೇರಿ ಪೆಲ್ಟನ್ ಚಕ್ರ ಸರಿವೇಗದ ಸುಮಾರು 1.8 ಪಟ್ಟಿಗೆ ನಿಲ್ಲುತ್ತದೆ. ನಮ್ಮ ಲೆಕ್ಕದಲ್ಲಿ 2800 ಸುತ್ತಿನ ಚೂರು ಮೇಲೆ. ಇಲ್ಲಿ 4 ಪೋಲ್ ಮೋಟಾರು ಆರಿಸಿದ ಪುಣ್ಯ ಕೈಹಿಡಿಯುತ್ತದೆ. ಇದೇ ಗಾತ್ರದ ಮೈಯಲ್ಲಿ, ಇದೇ ಬೇರಿಂಗಿನಲ್ಲಿ ಕಂಪನಿಗಳು 2 ಪೋಲ್ ಮೋಟಾರನ್ನೂ ಮಾಡುತ್ತವೆ, ಅದು ದಿನವೂ 2880 ಸುತ್ತು ಓಡುತ್ತದೆ. ಹಾಗಾಗಿ ರೋಟರ್ ಚೂರಾಗುವುದಿಲ್ಲ. 2 ಪೋಲಿನ ಮೋಟಾರನ್ನೇ ಜನರೇಟರ್ ಮಾಡಿಕೊಂಡಿದ್ದರೆ ಓಟ ಐದು ಸಾವಿರ ಸುತ್ತು ದಾಟುತ್ತಿತ್ತು. ಅದು ಬೇರೆಯೇ ಕಥೆ, ಆ ಶೆಡ್ಡಿನೊಳಗೆ ನಾನು ನಿಲ್ಲುವುದಿಲ್ಲ. 4 ಪೋಲಿನದಾದರೂ ರಾತ್ರಿಯಿಡೀ ಹೀಗೆ ಅರಚುತ್ತ ಓಡಿದರೆ ಬೇರಿಂಗಿನ ಗ್ರೀಸು ಕರಗಿ ಆಯುಷ್ಯ ಕಡಿಮೆಯಾಗುವುದು ಖಂಡಿತ.

ಹೋಗಿ ಗೇಟ್ ವಾಲ್ವ್ ಗಬಕ್ಕನೆ ಮುಚ್ಚಲೂ ಬಾರದು. ಉದ್ದ ಪೈಪಿನಲ್ಲಿ ಓಡಿಬರುತ್ತಿರುವ ನೀರನ್ನು ಒಮ್ಮೆಲೇ ತಡೆದರೆ ಒತ್ತಡ ಹಿಂದಕ್ಕೆ ಹೊಡೆದು ಪೈಪು ಒಡೆಯುತ್ತದೆ. ಒಳ್ಳೆಯ ಸೆಟ್ಟಿನಲ್ಲಿ ನಾಜಲಿನ ಮುಂದೆ ಕೀಲು ಹಾಕಿದ ಒಂದು ತಗಡು ಇರುತ್ತದೆ. ಅದನ್ನು ಇಳಿಸಿದರೆ ನೀರು ನಿಲ್ಲುವುದಿಲ್ಲ, ಚಕ್ರದಿಂದ ಆಚೆಗೆ ತಿರುಗುತ್ತದೆ ಅಷ್ಟೆ. ನೂರಾರು ರೂಪಾಯಿಯ ಈ ತಗಡನ್ನು ಹಾಕದೆ ಸಾವಿರಾರು ರೂಪಾಯಿಯ ಎಲೆಕ್ಟ್ರಾನಿಕ್ಸ್ ಹಾಕುವವರನ್ನು ಕಂಡರೆ ನನಗೆ ಆಶ್ಚರ್ಯ.

ಎಲೆಕ್ಟ್ರಾನಿಕ್ಸ್ ಬೇಡವೆಂದಲ್ಲ. ದಿನನಿತ್ಯದ ಬಾಳಿಗೆ ಅದೇ ಬೇಕು. ಲೋಡ್ ಕಂಟ್ರೋಲರ್ ಎಂಬ ಪೆಟ್ಟಿಗೆ ಮಾಡುವ ಕೆಲಸ ಸರಳ: ಚಕ್ರದ ಮೇಲಿನ ಹೊರೆ ಯಾವತ್ತೂ ಬದಲಾಗದಂತೆ ನೋಡಿಕೊಳ್ಳುವುದು. ಮನೆಯಲ್ಲಿ 300 ವ್ಯಾಟ್ ಬಳಸುತ್ತಿದ್ದರೆ ಉಳಿದ 700ನ್ನು ನೀರಿನಲ್ಲಿ ಮುಳುಗಿಸಿದ ಹೀಟರಿಗೆ ಕೊಡುತ್ತದೆ. ದೀಪ ಆರಿಸಿದರೆ ಅಷ್ಟೂ ಹೀಟರಿಗೆ ಹೋಗುತ್ತದೆ. ವೋಲ್ಟೇಜ್ 230ರಿಂದ ಮೇಲೇಳುವುದನ್ನು ನೋಡಿ ಹೀಟರಿಗೆ ಹೆಚ್ಚು ಬಿಡುತ್ತದೆ, ಇಳಿಯುವುದನ್ನು ನೋಡಿ ಕಡಿಮೆ ಮಾಡುತ್ತದೆ. ಬಚ್ಚಲಿಗೆ ಬಿಸಿನೀರು ಬಿಟ್ಟಿ. ಆದರೆ ಹೀಟರ್ ಮುಳುಗಿಸಿದ ಡ್ರಮ್ಮಿಗೆ ಸಣ್ಣಗೆ ಹಳ್ಳದ ನೀರು ಹರಿದುಬಂದು ಹೊರಗೆ ಹೋಗುತ್ತಿರಬೇಕು. ನಿಂತ ನೀರಾದರೆ ಒಂದು ಕಿಲೋವ್ಯಾಟ್ ಹೀಟರ್ ಅದನ್ನು ಕುದಿಸಿ ಗಂಟೆಗೆ ಒಂದೂವರೆ ಲೀಟರಿನಷ್ಟು ಆವಿ ಮಾಡುತ್ತದೆ. ನೀರು ಇಳಿದು ಹೀಟರ್ ಸುಟ್ಟುಹೋದರೆ ಹೊರೆ ತಪ್ಪಿತು, ಚಕ್ರ ಓಡಿತು. ಡ್ರಮ್ಮಿನ ನಲ್ಲಿಯಲ್ಲಿ ಎಲೆ ಕಟ್ಟಿಕೊಂಡದ್ದಕ್ಕೆ ಮೋಟಾರು ಸುಡುವುದು ಹೀಗೆ.

ಕಂಟ್ರೋಲರ್ ಇದ್ದವರಿಗೆ ಕೆಪಾಸಿಟರಿನ ಆರೋಗ್ಯ ತಿಳಿಯುವ ದಾರಿಯೊಂದಿದೆ. ಕೆಪಾಸಿಟರ್ ವರ್ಷಗಳು ಕಳೆದಂತೆ ಸೊರಗುತ್ತದೆ, 36 ಇದ್ದದ್ದು 30 ಆಗಬಹುದು. ಆದರೆ ಕಂಟ್ರೋಲರ್ ವೋಲ್ಟೇಜನ್ನು 230ಕ್ಕೇ ಹಿಡಿದಿರುವುದರಿಂದ ವೋಲ್ಟ್ ಮೀಟರಿನಲ್ಲಿ ಏನೂ ಕಾಣುವುದಿಲ್ಲ. ಕಡಿಮೆಯಾದ ಕೆಪಾಸಿಟರಿನಿಂದ ಅಷ್ಟೇ ವೋಲ್ಟೇಜ್ ಬರಬೇಕಾದರೆ ಚಕ್ರ ಜೋರಾಗಿ ಓಡಬೇಕು. ಅದು ಓಡುತ್ತದೆ. ಹಾಗಾಗಿ ನೋಡಬೇಕಾದದ್ದು ಫ್ರೀಕ್ವೆನ್ಸಿಯನ್ನು. ಹೊಸದರಲ್ಲಿ 51 ತೋರಿಸುತ್ತಿದ್ದ ಮೀಟರ್ ಈಗ 56 ತೋರಿಸುತ್ತಿದ್ದರೆ, ಫ್ಯಾನು ಮೊದಲಿಗಿಂತ ಜೋರಾಗಿ ತಿರುಗುತ್ತಿದ್ದರೆ, ಒಂದು ಕೆಪಾಸಿಟರ್ ಕೈಕೊಡುತ್ತಿದೆ ಎಂದೇ ಅರ್ಥ. ತುಸು ಮೇಲಿನ ಫ್ರೀಕ್ವೆನ್ಸಿ ಮೋಟಾರಿಗೆ ಕೇಡಲ್ಲ. ಕೇಡು ಕೆಳಗಿನದು. ಕೆಪಾಸಿಟರ್ ಜಾಸ್ತಿ ಹಾಕಿ ಫ್ರೀಕ್ವೆನ್ಸಿ 46ಕ್ಕೆ ಇಳಿಸಿಕೊಂಡರೆ ಕಬ್ಬಿಣ ಅತಿಯಾಗಿ ತಣಿದು, ವೋಲ್ಟೇಜ್ ಸರಿಯಿದ್ದರೂ ವೈಂಡಿಂಗ್ ಕಾಯುತ್ತದೆ. ಇರಲಿ ಎಂದು ಇನ್ನೊಂದು ಕಂಡೆನ್ಸರ್ ಸೇರಿಸುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ಈ ಯಂತ್ರದ್ದೊಂದು ಒಳ್ಳೆಯ ಗುಣವನ್ನೂ ಹೇಳಬೇಕು. ಮನೆಯಲ್ಲಿ ಎಲ್ಲೋ ತಂತಿ ತಾಗಿ ಶಾರ್ಟ್ ಆಯಿತೆನ್ನಿ. ವೋಲ್ಟೇಜ್ ಸೊನ್ನೆಯಾದ ಕೂಡಲೇ ಕೆಪಾಸಿಟರಿನ ಕೈಗಡವೂ ನಿಂತು ಜನರೇಟರ್ ತಾನಾಗಿ ಸತ್ತುಹೋಗುತ್ತದೆ. ತಂತಿ ಉರಿಯುವುದಿಲ್ಲ. ಫ್ರಿಜ್ಜಿನ ಕಂಪ್ರೆಸರೋ ಇನ್ನೊಂದು ಪಂಪೋ ಶುರುವಾಗುವಾಗ ಒಮ್ಮೆಲೇ ಎಳೆಯುವ ಕರೆಂಟಿಗೂ ಹೀಗೇ ಆಗಬಹುದು. ಒಂದು ಕಿಲೋವ್ಯಾಟಿನ ಸೆಟ್ಟಿಗೆ ಅರ್ಧ ಎಚ್‌ಪಿ ಮೋಟಾರು ಕಟ್ಟುವ ಆಸೆ ಬಿಡುವುದು ಲೇಸು. ಆದರೆ ಸತ್ತದ್ದು ಜನರೇಟರ್ ಮಾತ್ರ, ನೀರಲ್ಲ. ಹೊರೆ ಕಳೆದುಕೊಂಡ ಚಕ್ರ ಆ ಕ್ಷಣದಿಂದ ಓಟ ಕೀಳುತ್ತದೆ.

ಶಾರ್ಟ್ ಆದ ಮೇಲೆ ಇನ್ನೊಂದು ತೊಂದರೆ: ಮತ್ತೆ ನೀರು ಬಿಟ್ಟರೂ ವೋಲ್ಟೇಜ್ ಏಳುವುದಿಲ್ಲ. ಉಳಿದಿದ್ದ ಕಾಂತತ್ವ ಅಳಿಸಿಹೋಗಿ ಹೆಪ್ಪು ಕಳೆದಿರುತ್ತದೆ. ಗಾಬರಿಯಾಗಿ ಮೋಟಾರು ಬಿಚ್ಚಬೇಕಾಗಿಲ್ಲ. ಚಕ್ರ ನಿಂತಿರುವಾಗ, ಕೆಪಾಸಿಟರಿನ ಎರಡು ತುದಿಗಳಿಗೆ ಅಡ್ಡಲಾಗಿ ಬಲ್ಬ್ ಹಿಡಿದು ಅದರಲ್ಲಿ ಉಳಿದ ಚಾರ್ಜು ತೆಗೆದು, ಕಾರಿನ 12 ವೋಲ್ಟ್ ಬ್ಯಾಟರಿಯ ಎರಡು ತಂತಿಗಳನ್ನು ಒಂದು ವೈಂಡಿಂಗಿಗೆ ಎರಡು ಸೆಕೆಂಡು ಮುಟ್ಟಿಸಿ ತೆಗೆದರೆ ಸಾಕು. ಬ್ಯಾಟರಿ ತೆಗೆದ ಮೇಲೆಯೇ ನೀರು ಬಿಡಬೇಕು.

ಇದೇ ವಿದ್ಯೆಯನ್ನು ಗಾಳಿಗೆ ಬಳಸಬಹುದಲ್ಲ ಎಂದು ಕೇಳುವವರಿದ್ದಾರೆ. ಬಳಸಬಹುದು, ನಾನು ಬಳಸು ಎನ್ನುವುದಿಲ್ಲ. ಹಳ್ಳದ ಒತ್ತಡ ನಿಗದಿಯಾದದ್ದು, ಚಕ್ರದ ಓಟಕ್ಕೆ 1.8 ಪಟ್ಟಿನ ಬೇಲಿ ಇದೆ. ಗಾಳಿಗೆ ಬೇಲಿಯಿಲ್ಲ. ಗಾಳಿಯ ವೇಗ ಸೆಕೆಂಡಿಗೆ 8 ಮೀಟರಿನಿಂದ 12ಕ್ಕೆ ಏರಿದರೆ ಅದರ ಶಕ್ತಿ ಮೂರು ಪಟ್ಟಿಗಿಂತಲೂ ಹೆಚ್ಚಾಗುತ್ತದೆ. ಅಂಥ ಗಳಿಗೆಯಲ್ಲೇ ಒಂದು ಕೆಪಾಸಿಟರ್ ಹೋಯಿತೆನ್ನಿ, ರೆಕ್ಕೆಗಳ ಏಕೈಕ ಬ್ರೇಕು ಹೋದಂತೆ. ಕಾಯಂ ಅಯಸ್ಕಾಂತದ ಸಣ್ಣ ಗಾಳಿಯಂತ್ರವನ್ನು ನಿಲ್ಲಿಸಬೇಕಾದರೆ ಅದರ ತಂತಿಗಳನ್ನು ಒಂದಕ್ಕೊಂದು ಶಾರ್ಟ್ ಮಾಡುತ್ತಾರೆ, ಅದೇ ಬ್ರೇಕು. ನಮ್ಮ ಯಂತ್ರವನ್ನು ಶಾರ್ಟ್ ಮಾಡಿದರೆ ಕ್ಷೇತ್ರವೇ ಸತ್ತು ರೆಕ್ಕೆಗಳು ಇನ್ನೂ ಸಡಿಲವಾಗುತ್ತವೆ. ಡೆನ್ಮಾರ್ಕಿನ ಯೊಹಾನೆಸ್ ಯೂಲ್ 1957ರಲ್ಲಿ ಗೆಡ್ಸರ್ ಎಂಬಲ್ಲಿ 200 ಕಿಲೋವ್ಯಾಟಿನ ಗಾಳಿಯಂತ್ರ ನಿಲ್ಲಿಸಿದಾಗ ಅದರಲ್ಲೂ ಇಂಡಕ್ಷನ್ ಜನರೇಟರೇ ಇತ್ತು. ಕಾಂತದ ಕೈಗಡಕ್ಕೆ ಊರಿನ ಲೈನ್ ಇತ್ತು. ಆದರೂ ಹಿಡಿತ ತಪ್ಪಿದಾಗ ರೆಕ್ಕೆಗಳ ತುದಿಗಳು ತಾವಾಗಿ ಅಡ್ಡ ತಿರುಗಿ ಗಾಳಿಗೆ ತಡೆಯೊಡ್ಡುವಂತೆ ಅವರು ಮಾಡಿದ್ದರು. ಅಂಥ ಯಾಂತ್ರಿಕ ಬ್ರೇಕು ಮಾಡುವ ಕೌಶಲ ಇಲ್ಲದೆ ಕಂಬದ ಮೇಲೆ ಪಂಪಿನ ಮೋಟಾರು ಏರಿಸುವುದು ಊರಿನ ತಲೆಯ ಮೇಲೆ ಕತ್ತಿ ಕಟ್ಟಿದ ಹಾಗೆ.

ಹಳ್ಳ ಇರುವವರಿಗೆ ಮಾತ್ರ ಇದು ನಿಜಕ್ಕೂ ಒಗ್ಗುವ ಯಂತ್ರ, ಒಂದೆರಡು ಎಚ್ಚರಗಳೊಂದಿಗೆ. ಮನೆಗೆ ಸರ್ಕಾರಿ ಲೈನೂ ಇದ್ದರೆ ನಡುವೆ ಚೇಂಜ್‌ಓವರ್ ಸ್ವಿಚ್ ಇರಲೇಬೇಕು. ಇಲ್ಲದಿದ್ದರೆ ನಿಮ್ಮ ಕರೆಂಟು ಹಿಂದಕ್ಕೆ ಹೋಗಿ ಟ್ರಾನ್ಸ್‌ಫಾರ್ಮರಿನಲ್ಲಿ ಸಾವಿರಾರು ವೋಲ್ಟಾಗಿ ಕಂಬ ಹತ್ತಿದ ಲೈನ್‌ಮನ್‌ಗೆ ತಗುಲುತ್ತದೆ. ಇನ್ನು ಯಾರಿಂದಲಾದರೂ ಇಂಥ ಸೆಟ್ಟು ಹಾಕಿಸಿಕೊಳ್ಳುತ್ತಿದ್ದರೆ, ಕೊನೆಯ ಕಂತು ಕೊಡುವ ಮೊದಲು ಅವರನ್ನು ಶೆಡ್ಡಿನ ಹತ್ತಿರ ನಿಲ್ಲಿಸಿಕೊಂಡು ಎರಡು ಕೆಲಸ ಮಾಡಿಸಿ. ಪೂರ್ತಿ ನೀರು ಬಿಟ್ಟು ಮನೆಯ ಮೇನ್ ಸ್ವಿಚ್ ಎಳೆಯಿರಿ, ವೋಲ್ಟ್ ಮೀಟರ್ 250 ದಾಟಬಾರದು. ಆಮೇಲೆ ಹೀಟರಿನ ತಂತಿಯನ್ನೂ ಬಿಚ್ಚಿಸಿ ಮತ್ತೊಮ್ಮೆ ಎಳೆಯಿರಿ. ಈ ಸಲ ಎಂಸಿಬಿ ಬೀಳಬೇಕು, ನಾಜಲಿನ ಮುಂದಿನ ತಗಡು ಇಳಿಯಬೇಕು, ಚಕ್ರ ನಿಲ್ಲಬೇಕು.